ಹ್ಯಾಕಥಾನ್‌ಗೂ ಹೋಗಬೇಕು, ಎನ್ನೆಸ್ಸೆಸ್ ಶಿಬಿರಕ್ಕೂ ಹೋಗಬೇಕು: ಪ್ರಾಂಶುಪಾಲರಿಗೆ ಅರ್ಜಿ ಬರೆಯುವ ಬಗೆ

ನಮ್ಮ ಜಿಲ್ಲೆಯ ಕಾಲೇಜುಗಳಲ್ಲಿ ಮಳೆ ನಿಂತ ಮೇಲೆ ಪಾಠದ ಗಂಟೆಗಳ ಲೆಕ್ಕ ಬಲು ಬಿಗಿಯಾಗುತ್ತದೆ. ಮಳೆಗಾಲದಲ್ಲಿ ಡಿಸಿಯವರು ಕೊಟ್ಟ ರಜೆಗಳನ್ನೆಲ್ಲ ಶನಿವಾರ ಪೂರ್ತಿ ದಿನ ಕ್ಲಾಸು ಮಾಡಿ ತುಂಬಿಸಬೇಕು. ಅದೇ ಹೊತ್ತಿಗೆ ಹ್ಯಾಕಥಾನ್‌ಗಳೂ ಎನ್ನೆಸ್ಸೆಸ್ ವಿಶೇಷ ಶಿಬಿರಗಳೂ ಬಂದು ನಿಲ್ಲುತ್ತವೆ. ಹಾಗಾಗಿ ನವೆಂಬರ್‌ನಲ್ಲಿ ಪ್ರಾಂಶುಪಾಲರ ಮುಂದೆ ಅರ್ಜಿ ಹಿಡಿದು ನಿಂತವರಿಗೆ ಮೊದಲು ಎದುರಾಗುವ ಪ್ರಶ್ನೆ ‘ಯಾಕೆ ಹೋಗ್ತೀಯಾ’ ಎಂಬುದಲ್ಲ, ‘ಎಷ್ಟು ಗಂಟೆ ಹೋಗ್ತದೆ’ ಎಂಬುದು.

ಕರಾವಳಿಯ ಒಂದು ಕಾಲೇಜಿನಲ್ಲಿ ಕೆಲವು ವರ್ಷ ನಾನು ಎನ್ನೆಸ್ಸೆಸ್ ಕಾರ್ಯಕ್ರಮಾಧಿಕಾರಿಯಾಗಿದ್ದೆ. ಮಕ್ಕಳ ಅರ್ಜಿಗಳಿಗೆ ಶಿಫಾರಸು ಬರೆದಿದ್ದೇನೆ, ತಿರುಗಿ ಬಂದ ಅರ್ಜಿಗಳನ್ನು ಅವರ ಜೊತೆ ಕೂತು ಮತ್ತೆ ಬರೆಸಿದ್ದೇನೆ. ಹ್ಯಾಕಥಾನ್, ಶಿಬಿರ ಎರಡೂ ಒಂದೇ ಸೆಮಿಸ್ಟರ್‌ನಲ್ಲಿ, ಅದೂ ಎರಡು ವಾರದ ಅಂತರದಲ್ಲಿ ಬಂದರೆ ಅನುಮತಿ ಕೇಳುವುದು ಹೇಗೆ ಎಂಬುದನ್ನಷ್ಟೇ ಇಲ್ಲಿ ಬರೆಯುತ್ತೇನೆ. ಉದಾಹರಣೆಗೆ ಕಾರವಾರದ ಇಂಜಿನಿಯರಿಂಗ್ ಕಾಲೇಜೊಂದರ ಐದನೇ ಸೆಮಿಸ್ಟರ್ ಹುಡುಗಿಯೊಬ್ಬಳನ್ನು ಇಟ್ಟುಕೊಳ್ಳೋಣ. ನವೆಂಬರ್ 14, ಶುಕ್ರವಾರ ಮತ್ತು 15, ಶನಿವಾರ ಬೆಂಗಳೂರಿನಲ್ಲಿ 24 ಗಂಟೆಯ ಹ್ಯಾಕಥಾನ್. 24ರ ಸೋಮವಾರದಿಂದ 30ರ ಭಾನುವಾರದವರೆಗೆ ಕಾಳಿ ನದಿಯ ಆಚೆಯ ಹಳ್ಳಿಯೊಂದರಲ್ಲಿ ಏಳು ದಿನದ ಶಿಬಿರ.

ಎರಡು ಅರ್ಜಿ, ಒಂದು ಲೆಕ್ಕದ ಹಾಳೆ

ಎರಡನ್ನೂ ಒಂದೇ ಅರ್ಜಿಯಲ್ಲಿ ಬರೆಯಬೇಡಿ. ಎನ್ನೆಸ್ಸೆಸ್ ಶಿಬಿರ ಕಾಲೇಜಿನದೇ ಕಾರ್ಯಕ್ರಮ. ಅದಕ್ಕೆ ಕಾರ್ಯಕ್ರಮಾಧಿಕಾರಿ ಇದ್ದಾರೆ, ಹೋಗುವವರ ಪಟ್ಟಿ ಇದೆ, ಬಹಳ ಸಲ ಪ್ರಾಂಶುಪಾಲರ ಸಹಿಯ ಸುತ್ತೋಲೆಯೂ ಇರುತ್ತದೆ. ಹ್ಯಾಕಥಾನ್ ಹಾಗಲ್ಲ, ಅದು ನೀವೇ ಹುಡುಕಿಕೊಂಡು ಹೆಸರು ನೋಂದಾಯಿಸಿದ್ದು. ಒಂದರ ಕಡತ ಎನ್ನೆಸ್ಸೆಸ್ ಘಟಕಕ್ಕೆ ಹೋಗುತ್ತದೆ, ಇನ್ನೊಂದರದು ನಿಮ್ಮ ವಿಭಾಗಕ್ಕೆ. ಒಂದೇ ಹಾಳೆಯಲ್ಲಿ ಬರೆದರೆ ಹ್ಯಾಕಥಾನ್ ಬಗ್ಗೆ ಪ್ರಾಂಶುಪಾಲರಿಗಿರುವ ಅನುಮಾನದ ಜೊತೆ ಶಿಬಿರದ ಅನುಮತಿಯೂ ಮೇಜಿನ ಮೇಲೇ ಕೂರುತ್ತದೆ.

ಅರ್ಜಿ ಬೇರೆ ಬೇರೆ ಕೊಡಿ, ಆದರೆ ಒಂದನ್ನು ಮುಚ್ಚಿಟ್ಟು ಇನ್ನೊಂದಕ್ಕೆ ಒಪ್ಪಿಗೆ ಪಡೆಯಬೇಡಿ. ಹ್ಯಾಕಥಾನ್‌ಗೆ ಸಹಿ ಹಾಕಿದ ವಾರದಲ್ಲೇ ಅದೇ ಹೆಸರು ಶಿಬಿರದ ಪಟ್ಟಿಯಲ್ಲೂ ಕಂಡರೆ ಮುಂದಿನ ಸಲ ನಿಮ್ಮ ಮಾತಿಗೆ ಬೆಲೆ ಇರುವುದಿಲ್ಲ. ಎರಡೂ ಅರ್ಜಿಗೆ ಒಂದೇ ಹಾಜರಿ ಲೆಕ್ಕದ ಹಾಳೆಯನ್ನು ಲಗತ್ತಿಸಿ.

ಶಿಬಿರದ ವಿಷಯದಲ್ಲಿ ಮೊದಲೇ ನೋಡಿಕೊಳ್ಳಬೇಕಾದ್ದು ಇನ್ನೊಂದಿದೆ. ಎನ್ನೆಸ್ಸೆಸ್ ಪ್ರಮಾಣಪತ್ರಕ್ಕೆ ಎರಡು ವರ್ಷದಲ್ಲಿ 240 ಗಂಟೆ ಸೇವೆ ಮತ್ತು ಏಳು ದಿನದ ಒಂದು ವಿಶೇಷ ಶಿಬಿರ ಬೇಕು. ಶಿಬಿರ ಒಂದು ಸಲ ಆದರೆ ಸಾಕು. ನೀವು ಎನ್ನೆಸ್ಸೆಸ್‌ನಲ್ಲಿ ಮೊದಲ ವರ್ಷದಲ್ಲಿದ್ದರೆ ಮುಂದಿನ ವರ್ಷವೂ ಅವಕಾಶವಿದೆ, ಹಾಗಾಗಿ ಎರಡರಲ್ಲಿ ಒಂದನ್ನು ಬಿಡಬೇಕಾಗಿ ಬಂದರೆ ಶಿಬಿರವನ್ನು ಮುಂದಕ್ಕೆ ಹಾಕಬಹುದು. ಎರಡನೇ ವರ್ಷವಾಗಿದ್ದು ಈವರೆಗೆ ಶಿಬಿರ ಮಾಡಿರದಿದ್ದರೆ ಇದೇ ಕೊನೆಯ ಅವಕಾಶ. ‘ಇದು ನನ್ನ ಎನ್ನೆಸ್ಸೆಸ್ ಎರಡನೇ ವರ್ಷ, ಕಳೆದ ವರ್ಷ ಶಿಬಿರಕ್ಕೆ ಹೋಗಿಲ್ಲ’ ಎಂಬ ಒಂದು ಸಾಲು ಶಿಬಿರದ ಅರ್ಜಿಯಲ್ಲಿ ಇರಲೇಬೇಕು. ಸಮಾಜಸೇವೆಯ ಮಹತ್ವದ ಬಗ್ಗೆ ಬರೆದ ಅರ್ಧ ಪುಟಕ್ಕಿಂತ ಅದಕ್ಕೆ ತೂಕ ಹೆಚ್ಚು.

ಕಾಲೇಜಿನ ಶಿಬಿರವಲ್ಲದೆ ಹೊರಗಿನ ಸಂಘಟನೆಯೊಂದರ ಸ್ವಯಂಸೇವಕ ಶಿಬಿರವಾಗಿದ್ದರೆ ಈ ಯಾವ ಅನುಕೂಲವೂ ಇಲ್ಲ. ಆಗ ಅದಕ್ಕೂ ಹ್ಯಾಕಥಾನ್‌ನಂತೆಯೇ ಪೂರ್ತಿ ಅರ್ಜಿ, ಪೂರ್ತಿ ದಾಖಲೆ ಕೊಡಬೇಕು.

ಇವತ್ತಿನ ಹಾಜರಿಯನ್ನು ನೋಡಿ ಮೋಸ ಹೋಗಬೇಡಿ

ಮಕ್ಕಳು ಹೆಚ್ಚು ಎಡವುವುದು ಇಲ್ಲಿಯೇ. ‘ಸರ್, ನಂಗೆ 90 ಪರ್ಸೆಂಟ್ ಇದೆ’ ಎನ್ನುತ್ತಾರೆ. ಇವತ್ತು ಇದೆ, ಸರಿ. ಪ್ರಾಂಶುಪಾಲರು ನೋಡುವುದು ಸೆಮಿಸ್ಟರ್ ಮುಗಿದ ದಿನದ ಅಂಕಿಯನ್ನು. ವಿಟಿಯು ನಿಯಮದಂತೆ ಪ್ರತಿ ವಿಷಯದಲ್ಲೂ ಶೇ. 85 ಹಾಜರಿ ಬೇಕು. ತಕ್ಕ ಕಾರಣವಿದ್ದರೆ ಶೇ. 10ರವರೆಗಿನ ಕೊರತೆಯನ್ನು ಮನ್ನಾ ಮಾಡಲು ಅವಕಾಶವಿದೆ. ಪದವಿ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಶೇ. 75 ಬೇಕು. ಎಲ್ಲ ವಿಷಯಗಳ ಸರಾಸರಿ ತೆಗೆದರೆ ನಡೆಯುವುದಿಲ್ಲ, ಒಂದೊಂದು ವಿಷಯವನ್ನೂ ಬೇರೆಯಾಗಿಯೇ ನೋಡಬೇಕು.

ನಮ್ಮ ಹುಡುಗಿಯ ಒಂದು ವಿಷಯದ ಲೆಕ್ಕ ಮಾಡೋಣ. ವಾರಕ್ಕೆ ನಾಲ್ಕು ಗಂಟೆ: ಸೋಮ, ಬುಧ, ಶುಕ್ರ, ಶನಿ. ಸೆಮಿಸ್ಟರ್‌ಗೆ ಒಟ್ಟು 50 ಗಂಟೆ. ಅರ್ಜಿ ಬರೆಯುವ ದಿನಕ್ಕೆ 30 ಗಂಟೆ ಪಾಠ ಆಗಿದೆ, ಅವಳು 27ಕ್ಕೆ ಹಾಜರಿದ್ದಾಳೆ. ಅಂದರೆ ಶೇ. 90. ಉಳಿದದ್ದು 20 ಗಂಟೆ. ಹ್ಯಾಕಥಾನ್‌ನ ಶುಕ್ರವಾರ, ಶನಿವಾರ ಸೇರಿ 2 ಗಂಟೆ ಹೋಗುತ್ತದೆ, ಶಿಬಿರದ ವಾರದಲ್ಲಿ 4 ಗಂಟೆ. ಮಿಕ್ಕ 14ಕ್ಕೂ ತಪ್ಪದೆ ಕೂತರೂ ಒಟ್ಟು 41. 50ಕ್ಕೆ 41 ಅಂದರೆ ಶೇ. 82. ಇವತ್ತು 90 ಇದ್ದವಳು ಕೊನೆಗೆ ಕೊರತೆ ಪಟ್ಟಿಯಲ್ಲಿ!

ಈಗ ಓಡಿ ಹಾಜರಿ, ಅಂದರೆ ಕಾಲೇಜಿನ ಪರವಾಗಿ ಹೋಗಿದ್ದಕ್ಕೆ ಕೊಡುವ ಹಾಜರಿ ಸಿಕ್ಕರೆ ಏನಾಗುತ್ತದೆ ನೋಡಿ. ಶಿಬಿರದ 4 ಗಂಟೆಗೆ ಮಾತ್ರ ಸಿಕ್ಕರೆ 45, ಅಂದರೆ ಶೇ. 90. ಹ್ಯಾಕಥಾನ್‌ನ 2 ಗಂಟೆಗೆ ಮಾತ್ರ ಸಿಕ್ಕರೆ 43, ಶೇ. 86. ಎರಡಕ್ಕೂ ಸಿಕ್ಕರೆ 47, ಶೇ. 94. ಯಾವುದಾದರೂ ಒಂದಕ್ಕೆ ಸಿಕ್ಕರೂ ಈ ವಿಷಯದಲ್ಲಿ ಅವಳು ಪಾರಾಗುತ್ತಾಳೆ. ಇದು ಗೊತ್ತಿದ್ದರೆ ಮಾತುಕತೆಯಲ್ಲಿ ಎಲ್ಲಿ ಹಟ ಹಿಡಿಯಬೇಕು, ಎಲ್ಲಿ ಬಿಟ್ಟುಕೊಡಬಹುದು ಎಂಬುದೂ ಗೊತ್ತಿರುತ್ತದೆ.

ಎಲ್ಲ ವಿಷಯಗಳಿಗೂ ಹೀಗೇ ಲೆಕ್ಕ ಮಾಡಿ ಒಂದು ಪುಟದ ಕೋಷ್ಟಕ ಬರೆಯಿರಿ: ಆದ ಗಂಟೆ, ಹಾಜರಾದ ಗಂಟೆ, ತಪ್ಪುವ ಗಂಟೆ, ಕೊನೆಗೆ ಎಷ್ಟಾಗುತ್ತದೆ. ಅಂಕಿಗಳನ್ನು ಆಯಾ ಮೇಷ್ಟ್ರ ಹಾಜರಿ ಪುಸ್ತಕ ನೋಡಿಯೇ ಬರೆದುಕೊಳ್ಳಿ. ಮಳೆ ರಜೆಗೆ ಬದಲು ಶನಿವಾರ ನಡೆದ ಹೆಚ್ಚುವರಿ ಕ್ಲಾಸುಗಳು ನಿಮ್ಮ ಲೆಕ್ಕದಲ್ಲಿ ಬಿಟ್ಟುಹೋಗಿರುವ ಸಂಭವ ಬಹಳ.

ಥಿಯರಿಗಿಂತ ಲ್ಯಾಬ್ ಕಷ್ಟ. ಇವಳದು ಮೊದಲ ಬ್ಯಾಚು, ಲ್ಯಾಬ್ ಶುಕ್ರವಾರ. ಎರಡನೇ ಬ್ಯಾಚಿನದು ಮಂಗಳವಾರ. ಹ್ಯಾಕಥಾನ್ ಮತ್ತು ಶಿಬಿರ ಎರಡೂ ಶುಕ್ರವಾರವನ್ನು ನುಂಗುತ್ತವೆ. 14ರ ಲ್ಯಾಬಿಗೆ ದಾರಿ ಸುಲಭ: ಅದೇ ಪ್ರಯೋಗವನ್ನು 11ರ ಮಂಗಳವಾರ ಎರಡನೇ ಬ್ಯಾಚಿನ ಜೊತೆ ಮಾಡಿ ಮುಗಿಸಬಹುದು. 28ರ ಲ್ಯಾಬಿಗೆ ಆ ದಾರಿ ಇಲ್ಲ, ಏಕೆಂದರೆ ಆ ವಾರದ ಮಂಗಳವಾರವೂ ಅವಳು ಶಿಬಿರದಲ್ಲೇ ಇರುತ್ತಾಳೆ. ಅದಕ್ಕೆ ಲ್ಯಾಬ್ ಮೇಡಂ ಬಳಿ ಮೊದಲೇ ಹೋಗಿ, ತಪ್ಪಿದ ಪ್ರಯೋಗಗಳಿಗೆ ಮರು ಲ್ಯಾಬ್ ಯಾವಾಗ ಇಡುತ್ತಾರೆ ಎಂದು ಕೇಳಿ, ಆ ದಿನವನ್ನು ಅರ್ಜಿಯಲ್ಲಿ ಬರೆಯಬೇಕು. ಇಂಟರ್ನಲ್ ಪರೀಕ್ಷೆಯ ದಿನಕ್ಕೆ ಮಾತ್ರ ಅನುಮತಿ ಕೇಳಲೇಬೇಡಿ. ತಂಡಕ್ಕೆ ಹೆಸರು ಕೊಡುವ ಮೊದಲೇ ಸೆಮಿಸ್ಟರ್‌ನ ವೇಳಾಪಟ್ಟಿ ತೆಗೆದು ನೋಡಿ.

ಅರ್ಜಿ

ಹ್ಯಾಕಥಾನ್‌ಗಳಲ್ಲಿ ಆಯ್ಕೆಯ ಮೇಲ್ ತೀರ ತಡವಾಗಿ ಬರುತ್ತದೆ. ಶುಕ್ರವಾರದ ಸ್ಪರ್ಧೆಗೆ ಹಿಂದಿನ ಭಾನುವಾರ ರಾತ್ರಿ ಮೇಲ್ ಬಂದದ್ದನ್ನು ಕಂಡಿದ್ದೇನೆ. ಅಲ್ಲಿಯವರೆಗೆ ಕಾದರೆ ಎಚ್‌ಒಡಿ ಊರಲ್ಲಿ ಇರುವುದಿಲ್ಲ, ಪ್ರಾಂಶುಪಾಲರು ಬೆಳಗಾವಿ ಮೀಟಿಂಗಿಗೆ ಹೋಗಿರುತ್ತಾರೆ. ಆದ್ದರಿಂದ ನೋಂದಣಿ ಮಾಡಿದ ವಾರದಲ್ಲೇ ‘ಆಯ್ಕೆಯಾದಲ್ಲಿ’ ಎಂದು ಸೇರಿಸಿ ಅರ್ಜಿ ಕೊಟ್ಟುಬಿಡಿ. ಆಯ್ಕೆಯ ಮೇಲ್ ಬಂದ ಮೇಲೆ ಅದರ ಪ್ರತಿಯನ್ನು, ಹಿಂದಿನ ಅರ್ಜಿಯ ಆವಕ ನಂಬರ್ ಬರೆದು ಸೇರಿಸಿದರಾಯಿತು.

ಅರ್ಜಿಯಲ್ಲಿ ಬಹಳ ಜನ ‘ಅನುಮತಿ ಕೊಡಬೇಕೆಂದು ಕೋರುತ್ತೇನೆ’ ಎಂದಷ್ಟೇ ಬರೆದು ನಿಲ್ಲಿಸುತ್ತಾರೆ. ಅನುಮತಿ ಬೇರೆ, ಹಾಜರಿ ಬೇರೆ. ಅನುಮತಿ ಸಿಕ್ಕಿತೆಂದರೆ ನೀವು ಹೇಳದೆ ಕೇಳದೆ ಹೋದವರಲ್ಲ ಎಂದಷ್ಟೇ ಅರ್ಥ. ಆ ಗಂಟೆಗಳಿಗೆ ಹಾಜರಿ ಬೇಕಿದ್ದರೆ ಅದನ್ನು ಬೇರೆ ವಾಕ್ಯದಲ್ಲಿ ಕೇಳಬೇಕು. ಓಡಿ ಕೊಡುವ ಪದ್ಧತಿ ಎಲ್ಲ ಕಾಲೇಜುಗಳಲ್ಲೂ ಒಂದೇ ತೆರನಾಗಿಲ್ಲ, ಹಾಗಾಗಿ ನಿಮ್ಮ ಮೆಂಟರ್ ಬಳಿ ಒಮ್ಮೆ ಕೇಳಿ ಬರೆಯಿರಿ. ಕನ್ನಡದಲ್ಲಿ ಬರೆಯಲು ಹಿಂಜರಿಯಬೇಕಿಲ್ಲ. ನಾನು ಮಕ್ಕಳಿಂದ ಬರೆಸುತ್ತಿದ್ದುದು ಹೀಗೆ:

ಇವರಿಗೆ,
ಪ್ರಾಂಶುಪಾಲರು, (ಕಾಲೇಜಿನ ಹೆಸರು), ಕಾರವಾರ

ಮುಖಾಂತರ: ವಿಭಾಗ ಮುಖ್ಯಸ್ಥರು, ಕಂಪ್ಯೂಟರ್ ವಿಜ್ಞಾನ ವಿಭಾಗ

ಇವರಿಂದ,
(ಹೆಸರು, ಯುಎಸ್‌ಎನ್, 5ನೇ ಸೆಮಿಸ್ಟರ್, ಮೊದಲ ಬ್ಯಾಚ್)

ವಿಷಯ: ನವೆಂಬರ್ 14 ಮತ್ತು 15ರಂದು ಬೆಂಗಳೂರಿನಲ್ಲಿ ನಡೆಯುವ ಹ್ಯಾಕಥಾನ್‌ನಲ್ಲಿ ಭಾಗವಹಿಸಲು ಅನುಮತಿ ಮತ್ತು ಓಡಿ ಹಾಜರಿ ಕೋರಿ.

ಮಾನ್ಯರೇ,

ಮೇಲ್ಕಂಡ ಹ್ಯಾಕಥಾನ್‌ಗೆ ನಮ್ಮ ವಿಭಾಗದ ನಾಲ್ವರ ತಂಡ ನೋಂದಾಯಿಸಿದೆ. ಆಯ್ಕೆಯಾದಲ್ಲಿ ನವೆಂಬರ್ 13ರ ಗುರುವಾರ ತರಗತಿಗಳನ್ನು ಮುಗಿಸಿ, ಸಂಜೆಯ ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ ಹೊರಟು, 16ರ ಭಾನುವಾರ ಬೆಳಿಗ್ಗೆ ಕಾರವಾರಕ್ಕೆ ಮರಳುತ್ತೇವೆ. 14 ಮತ್ತು 15ರ ತರಗತಿಗಳು ಮಾತ್ರ ತಪ್ಪುತ್ತವೆ.

14ರ ಲ್ಯಾಬ್ ಪ್ರಯೋಗವನ್ನು 11ರಂದು ಎರಡನೇ ಬ್ಯಾಚಿನೊಂದಿಗೆ ಮಾಡಲು ಲ್ಯಾಬ್ ಬೋಧಕರು ಒಪ್ಪಿದ್ದಾರೆ (ಸಹಿ ಲಗತ್ತಿಸಿದೆ). ಇದೇ ತಿಂಗಳ 24ರಿಂದ ನಡೆಯುವ ಎನ್ನೆಸ್ಸೆಸ್ ವಿಶೇಷ ಶಿಬಿರಕ್ಕೂ ನಾನು ಪ್ರತ್ಯೇಕ ಅರ್ಜಿ ಸಲ್ಲಿಸಿದ್ದೇನೆ. ಎರಡನ್ನೂ ಸೇರಿಸಿ ಮಾಡಿದ ವಿಷಯವಾರು ಹಾಜರಿ ಲೆಕ್ಕವನ್ನು ಲಗತ್ತಿಸಿದ್ದೇನೆ.

ಹ್ಯಾಕಥಾನ್‌ನಲ್ಲಿ ಭಾಗವಹಿಸಲು ಅನುಮತಿ ನೀಡಬೇಕಾಗಿಯೂ, ಈ ಎರಡು ದಿನಗಳಿಗೆ ಓಡಿ ಹಾಜರಿ ಮಂಜೂರು ಮಾಡಬೇಕಾಗಿಯೂ ವಿನಂತಿಸುತ್ತೇನೆ. ಭಾಗವಹಿಸಿದ ಪ್ರಮಾಣಪತ್ರವನ್ನು 18ರೊಳಗೆ ಕಚೇರಿಗೆ ಒಪ್ಪಿಸುತ್ತೇನೆ.

ತಮ್ಮ ವಿಧೇಯ ವಿದ್ಯಾರ್ಥಿನಿ,
(ಸಹಿ, ದಿನಾಂಕ, ಮೊಬೈಲ್ ಸಂಖ್ಯೆ)

ರೈಲಿನ ಸಾಲನ್ನು ಬೇಕೆಂದೇ ಇಟ್ಟಿದ್ದೇನೆ. ಕಾರವಾರದಿಂದ ಬೆಂಗಳೂರು ಅಂದ ಕೂಡಲೇ ಹೋಗಲು ಒಂದು ದಿನ, ಬರಲು ಒಂದು ದಿನ ಎಂದು ಓದುವವರ ಮನಸ್ಸಿನಲ್ಲಿ ನಾಲ್ಕು ದಿನದ ಲೆಕ್ಕ ಬೀಳುತ್ತದೆ. ರಾತ್ರಿಯ ಪ್ರಯಾಣ ಎಂದು ಬರೆದರೆ ಅದು ಎರಡೇ ದಿನಕ್ಕೆ ಇಳಿಯುತ್ತದೆ. ಸ್ಪರ್ಧೆ ಹುಬ್ಬಳ್ಳಿಯಲ್ಲಿದ್ದು ಅರಬೈಲು ಘಟ್ಟ ಹತ್ತಿ ಬಸ್ಸಿನಲ್ಲಿ ಹೋಗುವುದಾದರೂ ಹೊರಡುವ ಹೊತ್ತು, ಮರಳುವ ಹೊತ್ತು ಎರಡನ್ನೂ ಬರೆಯಿರಿ. ಮಳೆಗಾಲವಾದರೆ ಘಟ್ಟದ ದಾರಿಗೆ ಅರ್ಧ ದಿನ ಹೆಚ್ಚಿಗೆ ಇಟ್ಟುಕೊಂಡೇ ಕೇಳಿ. ಮಣ್ಣು ಕುಸಿದು ದಾರಿ ಕಟ್ಟಿದ ಮೇಲೆ ಫೋನಿನಲ್ಲಿ ರಜೆ ಕೇಳುವಂತಾಗಬಾರದು.

ಮನೆಯವರ ಒಪ್ಪಿಗೆ ಪತ್ರ

ಇದನ್ನು ಕೊನೆಗೆ ನೋಡಿಕೊಂಡರಾಯಿತು ಎಂದು ಬಿಡುತ್ತಾರೆ. ನಮ್ಮ ಜಿಲ್ಲೆಯಲ್ಲಿ ಹಾಗೆ ಬಿಡುವಂತಿಲ್ಲ. ಬೈತಖೋಲದ ಹುಡುಗನೊಬ್ಬನ ಪತ್ರಕ್ಕೆ ತಂದೆಯ ಸಹಿ ಬೇಕಿತ್ತು. ತಂದೆ ಬೋಟಿಗೆ ಹೋಗಿ ನಾಲ್ಕು ದಿನವಾಗಿತ್ತು, ಯಾವಾಗ ಬರುತ್ತಾರೋ ಮನೆಯವರಿಗೂ ಗೊತ್ತಿರಲಿಲ್ಲ. ತಾಯಿಯ ಸಹಿ ಸಾಕು ಎಂಬುದೇ ಅವನಿಗೆ ತಿಳಿದಿರಲಿಲ್ಲ, ಸುಮ್ಮನೆ ಎರಡು ದಿನ ಕಳೆದಿದ್ದ. ಶಿರಸಿ, ಸಿದ್ದಾಪುರದ ಒಳಹಳ್ಳಿಗಳ ಮಕ್ಕಳದು ಇನ್ನೊಂದು ತೊಂದರೆ: ಪತ್ರದಲ್ಲಿ ಕೊಟ್ಟ ಮೊಬೈಲಿಗೆ ಮನೆಯಲ್ಲಿ ನೆಟ್‌ವರ್ಕ್ ಇರುವುದಿಲ್ಲ. ಕಚೇರಿಯಿಂದ ಮಾಡಿದ ಫೋನ್ ತಾಗದೇ ಹೋದರೆ ಪತ್ರವನ್ನೇ ಅನುಮಾನಿಸುತ್ತಾರೆ. ಮನೆಗೆ ತಾಗುವ ನಂಬರ್, ಇಲ್ಲದಿದ್ದರೆ ಪಕ್ಕದ ಮನೆಯ ಸ್ಥಿರ ದೂರವಾಣಿ, ಸಂಜೆ ಎಷ್ಟು ಹೊತ್ತಿಗೆ ಮಾಡಿದರೆ ಸಿಗುತ್ತಾರೆ ಎಂಬುದನ್ನೂ ಬರೆದು ಕೊಡಿ.

ಪತ್ರವನ್ನು ಮನೆಯವರೇ ಕೈಯಾರೆ ಬರೆಯಲಿ. ರಾತ್ರಿ ಎಲ್ಲಿ ಉಳಿಯುವುದು, ಜೊತೆಗೆ ಯಾವ ಅಧ್ಯಾಪಕರು ಬರುತ್ತಾರೆ ಅಥವಾ ಅಲ್ಲಿ ಯಾರು ಜವಾಬ್ದಾರಿ ಎಂಬುದು ಅದರಲ್ಲಿರಲಿ. ಹೆಣ್ಣುಮಕ್ಕಳ ಅರ್ಜಿ ಹೆಚ್ಚಾಗಿ ನಿಲ್ಲುವುದು ಈ ಒಂದು ಪ್ರಶ್ನೆಗೇ. ಇಪ್ಪತ್ತು ವರ್ಷದ ಹುಡುಗಿಗೆ ಇದನ್ನೇ ಮತ್ತೆ ಮತ್ತೆ ಕೇಳುತ್ತಾರೆ, ಅವಳ ತಂಡದ ಹುಡುಗನಿಗೆ ಯಾರೂ ಕೇಳುವುದಿಲ್ಲ. ನನಗೆ ಅದು ಸರಿ ಕಂಡಿಲ್ಲ, ಸ್ಟಾಫ್ ಮೀಟಿಂಗಿನಲ್ಲಿ ಹೇಳಿಯೂ ಇದ್ದೇನೆ. ತಂಡದ ನಾಲ್ವರೂ ಉಳಿಯುವ ಜಾಗದ ವಿವರವನ್ನು ಒಂದೇ ರೀತಿ ಬರೆದುಕೊಟ್ಟರೆ ಅವಳೊಬ್ಬಳ ಅರ್ಜಿ ಬೇರೆಯಾಗಿ ಉಳಿಯುವುದಿಲ್ಲ. ಹಾಸ್ಟೆಲಿನವರು ವಾರ್ಡನ್ ಬಳಿ ಔಟ್‌ಪಾಸ್ ಬೇರೆಯೇ ಮಾಡಿಸಬೇಕು. ಪ್ರಾಂಶುಪಾಲರ ಸಹಿ ಇದೆ ಎಂದು ಗೇಟಿನಲ್ಲಿ ಬಿಡುವುದಿಲ್ಲ.

ಸಹಿಯ ದಾರಿ

ನೇರವಾಗಿ ಪ್ರಾಂಶುಪಾಲರ ಕೊಠಡಿಗೆ ಹೋಗಬೇಡಿ. ಮೆಂಟರ್, ಆಮೇಲೆ ಎಚ್‌ಒಡಿ, ಆಮೇಲೆ ಕಚೇರಿ. ಶಿಬಿರದ ಅರ್ಜಿಗೆ ಎಚ್‌ಒಡಿ ಜೊತೆಗೆ ಕಾರ್ಯಕ್ರಮಾಧಿಕಾರಿಯ ಶಿಫಾರಸೂ ಬೇಕು. ಎಚ್‌ಒಡಿಯವರು ‘ಶಿಫಾರಸು ಮಾಡಿದೆ’ ಎಂದು ಷರಾ ಬರೆದರೆ ಕೆಲಸ ಮುಕ್ಕಾಲು ಆದಂತೆ. ‘ಮುಂದಿನ ಕ್ರಮಕ್ಕೆ’ ಎಂದಷ್ಟೇ ಬರೆದಿದ್ದರೆ ಅವರಿಗೆ ಏನೋ ಹಿಡಿಸಿಲ್ಲ ಎಂದರ್ಥ. ಅಲ್ಲೇ ನಿಂತು ಏನೆಂದು ವಿನಯದಿಂದ ಕೇಳಿಕೊಳ್ಳಿ.

ಕಚೇರಿಯಲ್ಲಿ ಟಪಾಲು ನೋಡುವವರಿಗೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಆವಕ ನಂಬರ್ ಮತ್ತು ದಿನಾಂಕ ಹಾಕಿಸಿಕೊಳ್ಳಿ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮ ಶಿಬಿರಕ್ಕೆ ಬಂದಿದ್ದ ಹುಡುಗನೊಬ್ಬ ಅದಕ್ಕೂ ಮೊದಲು ಒಂದು ಸ್ಪರ್ಧೆಗೆ ಹೋಗಿ ಬಂದಿದ್ದ. ಪ್ರಾಂಶುಪಾಲರು ವರಾಂಡದಲ್ಲಿ ‘ಹೋಗಿ ಬಾ’ ಅಂದಿದ್ದರು, ಅವನು ಅಷ್ಟಕ್ಕೇ ಹೋಗಿದ್ದ. ಸೆಮಿಸ್ಟರ್ ಕೊನೆಗೆ ಕೊರತೆ ಪಟ್ಟಿ ಬೋರ್ಡಿಗೆ ಬಂದಾಗ ಅವನ ಹೆಸರು ಅದರಲ್ಲಿತ್ತು. ಅಷ್ಟರಲ್ಲಿ ಆ ಪ್ರಾಂಶುಪಾಲರಿಗೆ ವರ್ಗವಾಗಿತ್ತು. ಕಚೇರಿಯಲ್ಲಿ ಹುಡುಕಿದರೆ ಒಂದು ಚೀಟಿಯೂ ಇಲ್ಲ. ಸುಳ್ಳು ಹೇಳುವ ಹುಡುಗ ಅವನಲ್ಲವೆಂದು ನನಗೆ ಗೊತ್ತಿತ್ತು, ಆದರೆ ಗೊತ್ತಿದೆ ಎಂಬುದು ಕಡತಕ್ಕೆ ಸಾಕಾಗಲಿಲ್ಲ.

ಕೊಠಡಿಗೆ ಕರೆದಾಗ ಮಾತು ಹೀಗೆ ನಡೆಯುತ್ತದೆ:

‘ಶುಕ್ರವಾರದ ಲ್ಯಾಬ್ ಎಂತ ಮಾಡ್ತೀಯಮ್ಮಾ?’

‘ಸರ್, ಹನ್ನೊಂದಕ್ಕೆ ಎರಡನೇ ಬ್ಯಾಚಿನ ಜೊತೆ ಮಾಡ್ತೇನೆ. ಮೇಡಂ ಸಹಿ ಹಾಕಿದ್ದಾರೆ. ಶಿಬಿರದ ವಾರದ್ದು ಮರು ಲ್ಯಾಬಿನಲ್ಲಿ ಮಾಡ್ತೇನೆ.’

‘ಎರಡೂ ಬೇಕಾ? ಒಂದು ಬಿಟ್ರೆ ಆಗೂದಿಲ್ವಾ?’

‘ಸರ್, ಎನ್ನೆಸ್ಸೆಸ್ ಎರಡನೇ ವರ್ಷ, ಶಿಬಿರ ಈ ಸಲ ಬಿಟ್ರೆ ಮತ್ತೆ ಇಲ್ಲ. ಹ್ಯಾಕಥಾನ್‌ಗೆ ಓಡಿ ಕೊಡಲಿಕ್ಕೆ ಆಗದಿದ್ರೂ ಅನುಮತಿ ಕೊಡಿ ಸರ್. ಶಿಬಿರಕ್ಕೆ ಓಡಿ ಸಿಕ್ಕಿದ್ರೆ ಎಲ್ಲ ವಿಷಯದಲ್ಲೂ 85ಕ್ಕಿಂತ ಮೇಲೇ ಉಳೀತದೆ, ಲೆಕ್ಕ ಹಿಂದಿನ ಪುಟದಲ್ಲಿದೆ.’

ಕೊನೆಯ ಮಾತನ್ನು ಹೇಳುವ ಧೈರ್ಯ ಬರುವುದು ಮೊದಲೇ ಮಾಡಿಟ್ಟ ಲೆಕ್ಕದಿಂದ. ಲೆಕ್ಕದಲ್ಲಿ ಯಾವುದಾದರೂ ಒಂದು ವಿಷಯ 85ಕ್ಕಿಂತ ಕೆಳಗೆ ಬಿದ್ದರೆ ಈ ಮಾತು ಹೇಳಬೇಡಿ, ಆ ವಿಷಯದ ಹೆಸರನ್ನು ನೀವೇ ಎತ್ತಿ ಹೇಳಿ. ಹ್ಯಾಕಥಾನ್‌ಗೆ ಅನುಮತಿಯೇ ಸಿಗದಿದ್ದರೆ ಅವತ್ತೇ ತಂಡಕ್ಕೆ ತಿಳಿಸಿಬಿಡಿ. ಆಯ್ಕೆಯ ಮೊದಲಾದರೆ ಅವರು ಬೇರೆಯವರನ್ನು ಸೇರಿಸಿಕೊಳ್ಳಬಹುದು. ಆಮೇಲೆ ತಿಳಿಸಿದರೆ ಮೂವರ ಶ್ರಮವೂ ಕೆಡುತ್ತದೆ.

ಬಂದ ಮೇಲೆ

ಸಹಿಯಾದ ಅರ್ಜಿಯ ಪ್ರತಿ ಕಚೇರಿಯಿಂದ ತಾನಾಗಿ ಮೇಷ್ಟ್ರ ಕೈಗೆ ಹೋಗುತ್ತದೆ ಎಂದು ನಂಬಿಕೊಂಡು ಕೂರಬೇಡಿ. ಹೊರಡುವ ಮೊದಲೇ ಪ್ರತಿ ವಿಷಯದ ಮೇಷ್ಟ್ರಿಗೂ ಒಂದೊಂದು ಪ್ರತಿ ಕೊಡಿ. ಮರಳಿದ ಮೇಲೆ, ನಮ್ಮ ಹುಡುಗಿಯ ಲೆಕ್ಕದಲ್ಲಿ 18ರ ಮಂಗಳವಾರದೊಳಗೆ, ಹ್ಯಾಕಥಾನ್ ಪ್ರಮಾಣಪತ್ರದ ಪ್ರತಿ ಕಚೇರಿಗೆ ಹೋಗಬೇಕು. ಪ್ರಮಾಣಪತ್ರ ಬರುವುದು ತಡವಾಗುವುದಾದರೆ ಅಲ್ಲಿಂದ ಹೊರಡುವ ಮುಂಚೆಯೇ ಸಂಘಟಕರಿಂದ ಹಾಜರಿಯ ಪತ್ರವೊಂದನ್ನು ಬರೆಸಿಕೊಂಡು ಬನ್ನಿ. ಶಿಬಿರಕ್ಕೆ ಕಾರ್ಯಕ್ರಮಾಧಿಕಾರಿಯೇ ದಿನವಾರು ಹಾಜರಿ ಪಟ್ಟಿ ಕೊಡುತ್ತಾರೆ. ಏಳು ದಿನವೂ ಅಲ್ಲೇ ಉಳಿಯಬೇಕಾದ ಶಿಬಿರ ಅದು; ನಡುವೆ ಒಂದು ರಾತ್ರಿ ಮನೆಗೆ ಹೋಗಿ ಬಂದರೆ ಪಟ್ಟಿಯಲ್ಲಿ ಅದೂ ಕಾಣುತ್ತದೆ.

ಆಮೇಲೆ ಒಂದು ವಾರ ಬಿಟ್ಟು ಹಾಜರಿ ಪುಸ್ತಕ ನೋಡಿ. ತಪ್ಪಿದ ಗಂಟೆಗಳ ಮುಂದೆ ಓಡಿ ಎಂದು ಬಿದ್ದಿದೆಯೇ, ಇನ್ನೂ ಗೈರು ಎಂದೇ ಇದೆಯೇ? ಗೈರು ಎಂದಿದ್ದರೆ ಆವಕ ನಂಬರಿರುವ ನಿಮ್ಮ ಪ್ರತಿ ಹಿಡಿದು ಅದೇ ದಿನ ಆ ಮೇಷ್ಟ್ರ ಬಳಿ ಹೋಗಿ. ಸೆಮಿಸ್ಟರ್‌ನ ಅಂತಿಮ ಹಾಜರಿ ಕಚೇರಿಗೆ ಹೋಗುವ ಮೊದಲಾದರೆ ಐದು ನಿಮಿಷದ ಕೆಲಸ. ಹೋದ ಮೇಲೆ ಮತ್ತೆ ಮೆಂಟರ್, ಎಚ್‌ಒಡಿ, ಕಚೇರಿ ಎಂದು ಮೊದಲಿನಿಂದ ಸುತ್ತಬೇಕಾಗುತ್ತದೆ. ಮರು ಲ್ಯಾಬಿನ ದಿನ ರೆಕಾರ್ಡ್ ಪುಸ್ತಕ ತೆಗೆದುಕೊಂಡು ಹೋಗಿ, 28ರ ಪ್ರಯೋಗದ ಪುಟಕ್ಕೆ ಅಲ್ಲೇ ಸಹಿ ಹಾಕಿಸಿಕೊಂಡು ಬನ್ನಿ.